ಕೆರೋಸೆಲ್‌ನ ಕೊನೆಯ ಸ್ಲೈಡ್‌ನಿಂದ ಶುರು ಮಾಡಿ

"ಅಣ್ಣಾ, ನಾನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ಕೆರೋಸೆಲ್‌ಗಳನ್ನು ಜನ ಸೇವ್ ಮಾಡ್ತಾರೆ, ಒಳ್ಳೆ ಮಾಹಿತಿ ಅಂತ ಕಮೆಂಟೂ ಹಾಕ್ತಾರೆ. ಆದರೆ ಕೊನೆಗೆ ಒಂದು ಆರ್ಡರೂ ಬರುವುದಿಲ್ಲ. ಸ್ಲೈಡ್‌ಗಳನ್ನು ಹೇಗೆ ಜೋಡಿಸಬೇಕು?"

ಕೊನೆಯ ಸ್ಲೈಡನ್ನು ಮೊದಲು ಬರೆಯಿರಿ. ಹೆಚ್ಚಿನವರು ಮೊದಲು ಪಾಠ ಬರೆಯುತ್ತಾರೆ, ಆಮೇಲೆ ಜಾಗ ಉಳಿದರೆ "ನಮ್ಮನ್ನು ಸಂಪರ್ಕಿಸಿ" ಅಂತ ಒಂದು ಸ್ಲೈಡ್ ಅಂಟಿಸುತ್ತಾರೆ. ಆ ಪಾಠಕ್ಕೂ ಈ ಕರೆಗೂ ಸಂಬಂಧವೇ ಇರುವುದಿಲ್ಲ. ಓದಿದವನಿಗೆ ಬೇಕಾದ್ದು ಸಿಕ್ಕಿತು, ಅವನು ಹೋದ.

ನಮ್ಮ ಊರಿನದೇ ಒಂದು ಕೆಲಸ ತೆಗೆದುಕೊಂಡು ಹೇಳುತ್ತೇನೆ. ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆ ಅಡಿಕೆಗೆ ಮದ್ದು ಬಿಡುವ ಒಂದು ತಂಡ ಇದೆ ಅಂತ ಇಟ್ಟುಕೊಳ್ಳಿ. ಅವರು ಮಾರುವುದು ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ಮದ್ದನ್ನಲ್ಲ, ಮರ ಹತ್ತಿ ಅದನ್ನು ಬಿಡುವ ಕೆಲಸವನ್ನು. ಕೆರೋಸೆಲ್‌ಗೆ ಒಟ್ಟು ಎಂಟು ಸ್ಲೈಡ್ ಅಂದುಕೊಳ್ಳಿ, ಹಾಗಾಗಿ ಕೊನೆಯ ಎಂಟನೇ ಸ್ಲೈಡ್‌ನಲ್ಲಿ ಬರೆಯುವುದು ಇಷ್ಟೇ: ಯಾವ ಊರುಗಳಿಗೆ ಬರುತ್ತೇವೆ, ಯಾವ ವಾರಗಳಲ್ಲಿ ಬಿಡುವು ಇದೆ, ದರ ಮರದ ಲೆಕ್ಕವೋ ದಿನದ ಲೆಕ್ಕವೋ, ಮತ್ತು "ನಿಮ್ಮ ತೋಟ ಎಲ್ಲಿ, ಮರ ಎಷ್ಟು ಅಂತ ಮೆಸೇಜ್ ಮಾಡಿ". ಕೇಳುವುದು ಒಂದೇ ಕೆಲಸ. ಫಾಲೋ ಮಾಡಿ, ಶೇರ್ ಮಾಡಿ, ಫೋನ್ ಮಾಡಿ ಅಂತ ಮೂರನ್ನೂ ಕೇಳಿದರೆ ಓದುವವನು ಯಾವುದನ್ನೂ ಮಾಡುವುದಿಲ್ಲ.

ಈಗ ಹಿಂದಕ್ಕೆ ಬನ್ನಿ. ಈ ಮಾತು ಬರುವ ಹೊತ್ತಿಗೆ ಓದುವವನ ತಲೆಯಲ್ಲಿ ಯಾವ ಪ್ರಶ್ನೆ ಇರಬೇಕು? "ಸರಿ, ಮದ್ದು ಮಾಡಲು ಗೊತ್ತಾಯಿತು, ಮರ ಹತ್ತುವವರು ಯಾರು?" ಅಲ್ವಾ? ಹಾಗಾದರೆ ಪಾಠ ಬೋರ್ಡೋ ತಯಾರಿಸುವುದರ ಬಗ್ಗೆ ಇರಲಿ, ಮತ್ತು ಅದನ್ನು ಪೂರ್ತಿ ಕಲಿಸಿ. ಅರ್ಧ ಹೇಳಿ "ಉಳಿದದ್ದಕ್ಕೆ ಕರೆ ಮಾಡಿ" ಅನ್ನುವುದು ನನಗೆ ಒಪ್ಪಿಗೆಯಿಲ್ಲ. ತೋಟದವರು ಅದನ್ನು ಕೂಡಲೇ ಗುರುತಿಸುತ್ತಾರೆ, ನಂಬಿಕೆಯೂ ಹೋಗುತ್ತದೆ. ವಿಧಾನವನ್ನು ಕೊಟ್ಟುಬಿಡಿ, ಶ್ರಮವನ್ನು ಮಾರಿ.

ಮೊದಲ ಸ್ಲೈಡ್‌ನಲ್ಲಿ ಒಂದು ಸಾಲು, ಒಂದು ಚಿತ್ರ: "ಬೋರ್ಡೋ ಸರಿ ಆಗಿದೆಯೇ? ನೋಡಲು ಒಂದು ಚೂರಿ ಸಾಕು." ಜತೆಗೆ ನೀಲಿ ದ್ರಾವಣದಲ್ಲಿ ಅದ್ದಿದ ಚೂರಿ. ಲೋಗೋ, ತಂಡದ ಹೆಸರು, ಮಳೆಗಾಲದ ಶುಭಾಶಯ ಯಾವುದೂ ಇಲ್ಲಿ ಬೇಡ.

ಎರಡನೆಯದಕ್ಕೆ ಜಾಸ್ತಿ ಗಮನ ಕೊಡಿ. ಮೊದಲ ಸ್ಲೈಡ್ ನೋಡಿ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಎಷ್ಟೋ ಸಲ ಅದೇ ಪೋಸ್ಟನ್ನು ಮತ್ತೆ ತೋರಿಸುತ್ತದೆ, ಆಗ ಎದುರಿಗೆ ಬರುವುದು ಎರಡನೇ ಸ್ಲೈಡ್. ಆದ್ದರಿಂದ ಅದು ಮೊದಲಿನದರ ಮುಂದುವರಿಕೆಯ ಹಾಗೆ "ಹೇಗೆಂದರೆ..." ಅಂತ ಶುರುವಾದರೆ ಸುಮ್ನೆ ವ್ಯರ್ಥ. ಒಂಟಿಯಾಗಿ ನೋಡಿದರೂ ಅರ್ಥ ಆಗಬೇಕು. ನಾನಾದರೆ ಇಲ್ಲಿ ಎರಡು ಚೂರಿಗಳ ಫೋಟೋ ಇಡುತ್ತೇನೆ. ಒಂದಕ್ಕೆ ಕೆಂಪು ತಾಮ್ರ ಹಿಡಿದಿದೆ, ಇನ್ನೊಂದು ಹಾಗೇ ಇದೆ. ಕೆಳಗೆ: "ಚೂರಿ ಕೆಂಪಾದರೆ ಸುಣ್ಣ ಸಾಲದು. ಈ ಮದ್ದು ಸಿಂಪಡಿಸಿದರೆ ಎಳೆ ಅಡಿಕೆ ಸುಡಬಹುದು."

ಮೂರರಿಂದ ಆರರವರೆಗೆ ಪಾಠ. ಒಂದು ಸ್ಲೈಡಿಗೆ ಕೈಯ ಒಂದೇ ಕೆಲಸ. ನೂರು ಲೀಟರ್ ಮದ್ದಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಐವತ್ತೈವತ್ತು ಲೀಟರ್ ನೀರಿಗೆ ಹಾಕಿ, ಕಬ್ಬಿಣದ ಪಾತ್ರೆ ಬೇಡ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕಲಕಿ. ಆಮೇಲೆ ಚೂರಿ ಅದ್ದಿ ನೋಡಿ, ಕೆಂಪಾದರೆ ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ನೋಡಿ. ನಾಲ್ಕು ಸ್ಲೈಡ್ ಆಯಿತು. ಎರಡನೆಯದರಲ್ಲಿ ಎದ್ದ ಆತಂಕ ಆರನೆಯದರಲ್ಲಿ ತೀರುತ್ತದೆ, ಅಲ್ಲಿಯವರೆಗೆ ಜನ ಸರಿಸುತ್ತಾ ಹೋಗಲು ಒಂದು ಕಾರಣ ಇರುತ್ತದೆ. ಅಳತೆ ಇರುವ ಸ್ಲೈಡನ್ನು ಜನ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಹಾಗಾಗಿ ತಂಡದ ಹೆಸರು ಸಣ್ಣದಾಗಿ ಇರಬೇಕಾದ ಜಾಗ ಅದರ ಮೂಲೆ.

ಏಳನೆಯದೇ ಸೇತುವೆ. ಹೆಚ್ಚಿನ ಕೆರೋಸೆಲ್‌ಗಳಲ್ಲಿ ಇಲ್ಲದೇ ಇರುವುದೂ ಇದೇ, ನಿಮ್ಮ ಆರ್ಡರ್ ತಪ್ಪುವುದೂ ಬಹುಶಃ ಇಲ್ಲೇ. ಇದರಲ್ಲಿ ಹೊಸ ಪಾಠ ಬೇಡ, ಮಾರಾಟದ ಮಾತೂ ಬೇಡ. ಕಲಿತದ್ದನ್ನು ತನ್ನ ತೋಟಕ್ಕೆ ಹಾಕಿ ನೋಡಿದಾಗ ಏನಾಗುತ್ತದೆ ಅನ್ನುವುದನ್ನು ಓದುವವನೇ ಲೆಕ್ಕ ಹಾಕುವಂತೆ ಬರೆಯಬೇಕು. "ಮಾಡಿದ ಮದ್ದನ್ನು ಆ ದಿನವೇ ಬಿಟ್ಟು ಮುಗಿಸಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ನಿಮ್ಮ ಮರ ಎಷ್ಟು? ಒಂದು ದಿನಕ್ಕೆ ಎಷ್ಟು ಮರ ಆಗುತ್ತದೆ? ಮಳೆಗೆ ಮೊದಲು ಒಣಗಿದ ದಿನ ಎಷ್ಟು ಉಳಿದಿದೆ?" ಮನೆಯಲ್ಲೇ ಜನ ಇದ್ದು, ಮರ ಕಡಿಮೆ ಇದ್ದವರು ಇಲ್ಲಿಗೇ ತೃಪ್ತರಾಗಿ ಹೋಗುತ್ತಾರೆ, ಹೋಗಲಿ. ದೊಡ್ಡ ತೋಟದವರು ತಾವಾಗಿಯೇ ಎಂಟನೆಯದಕ್ಕೆ ಸರಿಸುತ್ತಾರೆ. ಅವರು ಮನಸ್ಸಿನಲ್ಲಿ ಎಣಿಸಿದ ಮರದ ಲೆಕ್ಕವನ್ನೇ ನೀವು ಅಲ್ಲಿ ಕೇಳಿದ್ದೀರಿ. ಹಾಗಾಗಿ ಮೆಸೇಜ್ ಮಾಡಲು ಹೊಸದಾಗಿ ಏನನ್ನೂ ಯೋಚಿಸಬೇಕಾಗಿಲ್ಲ.

ಪರೀಕ್ಷೆ ಸುಲಭ. ಕೊನೆಯ ಸ್ಲೈಡ್ ಮುಚ್ಚಿಟ್ಟು ತೋಟ ಇರುವ ಒಬ್ಬರಿಗೆ ಮೊದಲ ಏಳನ್ನು ತೋರಿಸಿ, "ಈಗ ನಿಮಗೇನು ಬೇಕು ಅನ್ನಿಸ್ತದೆ?" ಅಂತ ಕೇಳಿ. ಅವರು "ಜನ ಬೇಕು" ಅಂದರೆ ಸರಿ ಇದೆ. "ಮೈಲುತುತ್ತು ಎಲ್ಲಿ ಸಿಗ್ತದೆ?" ಅಂದರೆ ನಿಮ್ಮ ಪಾಠ ಅಂಗಡಿಯವನಿಗೆ ಗಿರಾಕಿ ಕಳಿಸುತ್ತಿದೆ. ಆಗ ಏಳನೆಯದನ್ನು ತಿದ್ದಿ.

ಅಳತೆಯ ಬಗ್ಗೆ ಸ್ವಲ್ಪ. 1080 × 1350 ಪಿಕ್ಸೆಲ್ ಇಡಿ, ಎಲ್ಲಾ ಸ್ಲೈಡಿಗೂ ಅದೇ. ಪ್ರೊಫೈಲಿನಲ್ಲಿ ಕಾಣುವ ಚಿತ್ರದ ಎರಡೂ ಬದಿ ಸ್ವಲ್ಪ ಕತ್ತರಿಸಿ ಹೋಗುತ್ತದೆ, ಅದಕ್ಕೆ ಬದಿಗಳಲ್ಲಿ ನೂರು ಪಿಕ್ಸೆಲ್‌ನಷ್ಟು ಖಾಲಿ ಬಿಡಿ. ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲದು, ಅಕ್ಷರದ ಗಾತ್ರದ ಒಂದೂವರೆ ಪಟ್ಟು ಕೊಟ್ಟು ನೋಡಿ. ಅಕ್ಷರ 44 ಪಿಕ್ಸೆಲ್‌ಗಿಂತ ಸಣ್ಣದಾದರೆ ಕನ್ನಡಕ ಹಾಕುವ ಹಿರಿಯರು ಓದುವುದಿಲ್ಲ, ತೋಟದ ತೀರ್ಮಾನ ಮಾಡುವವರು ಹೆಚ್ಚಾಗಿ ಅವರೇ. ಒಂದು ಸ್ಲೈಡಿಗೆ ಇಪ್ಪತ್ತೈದು ಪದಗಳ ಒಳಗೆ ಮುಗಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕ್ಯಾನ್ವಾಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ, ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಚಿತ್ರದೊಳಗೆ ಬರೆದ ಫೋನ್ ನಂಬರನ್ನು ಒತ್ತಲು ಆಗುವುದಿಲ್ಲ. ಕ್ಯಾಪ್ಶನ್‌ನಲ್ಲಿ ಹಾಕಿದ ಲಿಂಕೂ ತೆರೆಯುವುದಿಲ್ಲ. ಅದಕ್ಕೇ ನಾನು ಮೆಸೇಜ್ ಮಾಡಿ ಅನ್ನುವುದು. ವಾಟ್ಸಾಪಿಗೇ ಬರಲಿ ಅಂತಿದ್ದರೆ ಪ್ರೊಫೈಲಿನ ಬಯೋದಲ್ಲಿ `https://wa.me/91` ಆದ ಮೇಲೆ ನಿಮ್ಮ ಹತ್ತು ಅಂಕಿ ಸೇರಿಸಿ ಇಡಿ.

ಹಾಕಿದ ಮೇಲೆ ಇನ್‌ಸೈಟ್ಸ್ ನೋಡಿ. ಸೇವ್ ಹೆಚ್ಚಿದ್ದು ಮೆಸೇಜ್ ಇಲ್ಲದಿದ್ದರೆ ಏಳು–ಎಂಟರ ನಡುವೆ ತೊಂದರೆ. ತಲುಪಿದವರು ತುಂಬಾ ಇದ್ದೂ ಸೇವ್ ಕಡಿಮೆ ಇದ್ದರೆ ಪಾಠದಲ್ಲಿ ಹುರುಳಿಲ್ಲ, ಅಥವಾ ಎಲ್ಲರಿಗೂ ಗೊತ್ತಿದ್ದದ್ದೇ ಹೇಳಿದ್ದೀರಿ. ತಲುಪಿದವರೇ ಕಡಿಮೆ ಇದ್ದರೆ ಮೊದಲೆರಡನ್ನು ಬದಲಾಯಿಸಿ. ಮೂರನ್ನೂ ಒಟ್ಟಿಗೆ ಬದಲಾಯಿಸಬೇಡಿ, ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಮೊದಲ ಮದ್ದಿನ ದಿನಗಳೆಲ್ಲ ಬುಕ್ ಆದ ಕೂಡಲೇ ಹಳೆಯ ಪೋಸ್ಟಿನಿಂದ ಎಂಟನೇ ಸ್ಲೈಡ್ ಒಂದನ್ನು ಅಳಿಸಿಬಿಡಿ, ಪಾಠ ಅಲ್ಲೇ ಇರಲಿ. ಎರಡನೇ ಮದ್ದಿಗೆ ಮೊದಲ ಆರು ಸ್ಲೈಡ್ ಹಾಗೇ ಉಳಿಸಿ, ಏಳು ಮತ್ತು ಎಂಟನ್ನು ಹೊಸ ದಿನಗಳಿಗೆ ತಕ್ಕಂತೆ ಬರೆದು ಬೇರೆ ಪೋಸ್ಟ್ ಹಾಕಿ.