ರೂಮಿಗೆ ಹೆಚ್ಚಾದದ್ದು 10 ಸಾವಿರ, ಕಟ್ಟಾದದ್ದು 80 ಸಾವಿರ

"ರೂಮಿಗೆ ದಿನಕ್ಕೆ ಎರಡು ಸಾವಿರ ಜಾಸ್ತಿ, ಐದು ದಿನಕ್ಕೆ ಹತ್ತು ಸಾವಿರ ತಾನೇ ಮೇಡಂ? ಎಂಬತ್ತು ಸಾವಿರ ಎಲ್ಲಿಂದ ಬಂತು?"

ಪಾಂಡವಪುರದ ಕಡೆಯ ಕಬ್ಬು ಬೆಳೆಗಾರರೊಬ್ಬರು ಡಿಸ್ಚಾರ್ಜ್ ದಿನ ಕೇಳಿದ ಪ್ರಶ್ನೆ ಇದು. ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಅವರ ತಾಯಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು, ಕೃತಕ ಕೀಲು ಹಾಕಿದ್ದರು. ಪಾಲಿಸಿ 3 ಲಕ್ಷದ್ದು, ರೂಮ್ ಬಾಡಿಗೆ ಮಿತಿ ಶೇ. 1, ಅಂದರೆ ದಿನಕ್ಕೆ 3,000. ಅಡ್ಮಿಟ್ ಆದ ರಾತ್ರಿ ಖಾಲಿ ಇದ್ದದ್ದು 5,000ದ ರೂಮು ಮಾತ್ರ.

ಬಿಲ್ಲು 2 ಲಕ್ಷ. ಕಂಪನಿ 1,20,000 ಕೊಟ್ಟು ಕೈತೊಳೆದುಕೊಂಡಿತ್ತು. ಮಗ ಹೆಂಡತಿಯ ಸರ ಅಡವಿಟ್ಟು ಉಳಿದದ್ದನ್ನು ಕಟ್ಟಿದರು.

ಲೆಕ್ಕ ಹೀಗೆ. 5,000ದ ರೂಮಿಗೆ 3,000 ಅರ್ಹತೆ ಅಂದರೆ ಶೇ. 60. ಮಿತಿ ಮೀರಿದ ರೂಮು ತಗೊಂಡರೆ ಬಾಡಿಗೆಯ ಜೊತೆಗೆ ಇತರ ಖರ್ಚನ್ನೂ ಅದೇ ಪ್ರಮಾಣಕ್ಕೆ ಇಳಿಸುವುದಕ್ಕೆ ಪ್ರಪೋರ್ಷನೇಟ್ ಡಿಡಕ್ಷನ್ ಅನ್ನುತ್ತಾರೆ. ಪಾಲಿಸಿಯಲ್ಲಿ ಆ ಷರತ್ತು ಇತ್ತು, ಹಾಗಾಗಿ ಕಡಿತವೇ ತಪ್ಪು ಅನ್ನುವ ಹಾಗಿರಲಿಲ್ಲ. ಆದರೆ ಅದು ಯಾವ ಖರ್ಚಿಗೆ ಅನ್ವಯಿಸುತ್ತದೆ ಅನ್ನುವುದಕ್ಕೆ ಮಿತಿ ಇದೆ.

ಕಂಪನಿಗೆ ಕಳಿಸಿದ ಮೊದಲ ಪತ್ರದಲ್ಲಿ ನಾನು ಅದನ್ನು ಬರೆಯಲಿಲ್ಲ. ಬಡ ರೈತ ಕುಟುಂಬ, ಬೇರೆ ರೂಮು ಇರಲಿಲ್ಲ, ದಯವಿಟ್ಟು ಪೂರ್ತಿ ಹಣ ಕೊಡಿ ಅಂತ ಬರೆದಿದ್ದೆ. "ಪಾಲಿಸಿ ಷರತ್ತಿನ ಪ್ರಕಾರ ಸರಿಯಾಗಿದೆ" ಅಂತ ಒಂದೇ ಸಾಲಿನ ಉತ್ತರ ಬಂತು. ಆ ಒಂದು ಸಾಲನ್ನು ಅವರಿಗೆ ಓದಿ ಹೇಳುವಾಗ ನನಗೆ ತುಂಬಾ ಸಂಕಟವಾಯಿತು, ಯಾಕಂದ್ರೆ ಪೂರ್ತಿ ಕೇಳಿದ್ದರಿಂದಲೇ ಕಂಪನಿಗೆ ಅಷ್ಟು ಸುಲಭವಾಗಿ ಇಲ್ಲ ಅನ್ನೋಕೆ ಆಯಿತು.

ಆಮೇಲೆ ಸೆಟ್ಲ್‌ಮೆಂಟ್ ಶೀಟನ್ನೂ ನಮ್ಮ ಬ್ರೇಕಪ್ ಬಿಲ್ಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಪ್ರತಿ ಸಾಲಿಗೂ ಶೇ. 40 ಕಟ್. ಇಂಪ್ಲಾಂಟ್ 60,000ಕ್ಕೂ ಕಟ್, ಔಷಧಿ ಮತ್ತು ಸರ್ಜಿಕಲ್ ಸಾಮಾನು 32,000ಕ್ಕೂ ಕಟ್, ಎಕ್ಸ್‌ರೇ, ರಕ್ತಪರೀಕ್ಷೆ ಸೇರಿ 13,000ಕ್ಕೂ ಕಟ್. ಕೇಸ್ ಶೀಟಿನಲ್ಲಿ ಆ ಕೀಲಿನ ಸ್ಟಿಕ್ಕರ್ ಅಂಟಿಸಿತ್ತು, ಸೀರಿಯಲ್ ನಂಬರ್ ಸಮೇತ. ಅಜ್ಜಿ ಜನರಲ್ ವಾರ್ಡಿನಲ್ಲಿ ಮಲಗಿದ್ದರೂ ಅದರ ಬೆಲೆ ಅಷ್ಟೇ ಅಲ್ವಾ?

ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ 2020ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳಿದ್ದೂ ಇದನ್ನೇ. ಔಷಧಿ ಮತ್ತು ಬಳಸಿ ಬಿಸಾಡುವ ಸಾಮಾನು, ಇಂಪ್ಲಾಂಟ್ ಮತ್ತು ವೈದ್ಯಕೀಯ ಸಾಧನ, ಪರೀಕ್ಷೆಗಳು, ಇವುಗಳ ಮೇಲೆ ಪ್ರಪೋರ್ಷನೇಟ್ ಕಡಿತ ಹಾಕುವಂತಿಲ್ಲ. ಐಸಿಯು ಚಾರ್ಜಿಗೂ ಹಾಕುವಂತಿಲ್ಲ. ಇನ್ನೊಂದು ಮಾತೂ ಅದರಲ್ಲಿದೆ: ರೂಮಿನ ದರ್ಜೆ ನೋಡಿ ಆಸ್ಪತ್ರೆ ದರ ಬದಲಿಸದ ಖರ್ಚಿಗೂ ಕಡಿತ ಇಲ್ಲ. ನಮ್ಮಲ್ಲಿ ಸರ್ಜನ್ ಮತ್ತು ಅರಿವಳಿಕೆ ಡಾಕ್ಟರ ಫೀಸು ರೂಮಿಗೆ ತಕ್ಕಂತೆ ಬದಲಾಗುತ್ತದೆ, ಆಪರೇಷನ್ ಥಿಯೇಟರ್ ಚಾರ್ಜು ಎಲ್ಲರಿಗೂ 25,000.

ಎರಡನೇ ಪತ್ರವನ್ನು ಕಂಪನಿಯ ಗ್ರೀವೆನ್ಸ್ ಆಫೀಸರ್ ಹೆಸರಿಗೆ ಬರೆಸಿದೆ, ಸಹಿ ಪಾಲಿಸಿದಾರರದ್ದೇ. ಶುರುವಿನಲ್ಲೇ ಒಪ್ಪಿಕೊಳ್ಳುವುದನ್ನು ಒಪ್ಪಿಕೊಂಡೆವು. ರೂಮಿನ 10,000 ಕಡಿತ ಸರಿ, ಡಾಕ್ಟರ ಫೀಸು 45,000ದಲ್ಲಿ 18,000 ಕಡಿತವೂ ಸರಿ. ಒಟ್ಟು 28,000 ನಾವು ಕೇಳುವುದಿಲ್ಲ. ಉಳಿದ 52,000 ಯಾಕೆ ವಾಪಸ್ ಬರಬೇಕು ಅಂತ ಸಾಲುಸಾಲಾಗಿ: ಇಂಪ್ಲಾಂಟಿನಲ್ಲಿ ಕಟ್ಟಾದ 24,000, ಔಷಧಿಯಲ್ಲಿ 12,800, ಪರೀಕ್ಷೆಯಲ್ಲಿ 5,200, ಥಿಯೇಟರ್‌ನಲ್ಲಿ 10,000. ಪ್ರತಿ ಸಾಲಿನ ಎದುರು ಬಿಲ್ ನಂಬರ್. ಕೊನೆಗೆ ಒಂದು ಪ್ರಶ್ನೆ: ಈ ಕಡಿತಗಳಿಗೆ ಪಾಲಿಸಿಯ ಯಾವ ಷರತ್ತು ಆಧಾರ, ನಂಬರ್ ಸಹಿತ ತಿಳಿಸಿ. ಭಾಗಶಃ ಕಡಿತ ಮಾಡಿದಾಗ ಷರತ್ತನ್ನು ಉಲ್ಲೇಖಿಸಿಯೇ ಕಾರಣ ಕೊಡಬೇಕು ಅಂತ ಐಆರ್‌ಡಿಎಐನ 2024ರ ಮೇ ತಿಂಗಳ ಮಾಸ್ಟರ್ ಸರ್ಕ್ಯುಲರ್‌ನಲ್ಲಿದೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗುತ್ತೇವೆ ಅಂತಲೂ ಬರೆದೆವು. ಅಲ್ಲಿ ಫೀಸಿಲ್ಲ, ವಕೀಲರೂ ಬೇಕಿಲ್ಲ.

42,000 ಬಂತು. ಥಿಯೇಟರಿನ 10,000 ಮಾತ್ರ ತಡೆಹಿಡಿದರು. ನಾನು ಲಗತ್ತಿಸಿದ ದರಪಟ್ಟಿಯಲ್ಲಿ ತಾರೀಖೇ ಇರಲಿಲ್ಲ, ಅಡ್ಮಿಟ್ ಆದ ದಿನ ಅದೇ ದರ ಇತ್ತು ಅನ್ನುವುದಕ್ಕೆ ಏನು ಗ್ಯಾರಂಟಿ ಅಂತ ಅವರು ಕೇಳಿದರು, ಕೇಳಿದ್ದು ನ್ಯಾಯವೇ. ಮೆಡಿಕಲ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ, ಎಲ್ಲ ದರ್ಜೆಯ ರೂಮಿಗೂ ಥಿಯೇಟರ್ ದರ ಒಂದೇ, ಇಂಥ ದಿನದಿಂದ ಜಾರಿಯಲ್ಲಿದೆ ಅಂತ ಲೆಟರ್‌ಹೆಡ್ಡಿನಲ್ಲಿ ಬರೆಸಿ ಸೀಲು ಹಾಕಿಸಿ ಕಳಿಸಿದೆ. ಅದೂ ಬಂತು.

ಈಗ ತಾರೀಖು, ಸೀಲು ಇರುವ ದರಪಟ್ಟಿಯ ಪ್ರತಿಗಳು ನನ್ನ ಡ್ರಾಯರಿನಲ್ಲೇ ಇರುತ್ತವೆ. ಅಡ್ಮಿಷನ್‌ಗೆ ಬಂದವರ ಪಾಲಿಸಿಯಲ್ಲಿ ಮೊದಲು ರೂಮಿನ ಮಿತಿ ನೋಡಿ, ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೈಗೆ ಕೊಡುತ್ತೇನೆ.