‘ಸೌಖ್ಯ, ನೀವು?’ ಅಂದವರು ಮತ್ತೆ ಬರೆಯಲಿಲ್ಲ

ಮಂಗಳೂರಿನ ಹಂಪನಕಟ್ಟೆಯಲ್ಲಿ ಫ್ರಿಜ್, ವಾಷಿಂಗ್ ಮೆಷಿನ್ ಮಾರುವ ಒಂದು ಅಂಗಡಿಯ ವಾಟ್ಸಾಪ್ ನೋಡಿಕೊಳ್ಳುವುದು ನನ್ನ ಕೆಲಸ. ಯಾರಾದರೂ ‘ಹಾಯ್’ ಅಂದರೆ ‘ನಮಸ್ಕಾರ, ಹೇಗಿದ್ದೀರಿ?’ ಅಂತ ತನ್ನಷ್ಟಕ್ಕೇ ಉತ್ತರ ಹೋಗುತ್ತಿತ್ತು. ನೂರರಲ್ಲಿ ಎಪ್ಪತ್ತು ಜನ ತಿರುಗಿ ಏನಾದರೂ ಬರೆಯುತ್ತಿದ್ದರು. ಅದನ್ನೇ ನಾವು ಲೆಕ್ಕ ಇಡುತ್ತಿದ್ದೆವು.

ಜುಲೈಯ ಒಂದು ಬೆಳಗ್ಗೆ, ಹೊರಗೆ ಜೋರು ಮಳೆ, ಹಳೆಯ ಚಾಟ್‌ಗಳನ್ನು ಸುಮ್ನೆ ಓದುತ್ತಾ ಕೂತಿದ್ದೆ. ಒಬ್ಬರು ಹೇಗಿದ್ದೀರಿ ಅಂದದ್ದಕ್ಕೆ ‘ಸೌಖ್ಯ, ನೀವು?’ ಅಂತ ಬರೆದಿದ್ದರು. ಅಷ್ಟೇ. ಎರಡು ದಿನ ಬಿಟ್ಟು ಅದೇ ನಂಬರ್‌ನಿಂದ ಅಂಗಡಿಗೆ ಫೋನ್ ಬಂದಿದೆ: ಫ್ರಿಜ್ ತಣ್ಣಗಾಗುತ್ತಿಲ್ಲ, ಮೀನೆಲ್ಲ ಹಾಳಾಯಿತು ಅಂತ. ಓದಿ ತುಂಬಾ ಬೇಜಾರಾಯಿತು. ಅವರು ಮಾತಾಡಲೆಂದೇ ಬಂದಿದ್ದರು, ನಾವು ಕೇಳಬೇಕಾದ್ದನ್ನು ಕೇಳಲಿಲ್ಲ.

ಅವತ್ತೇ ಲೆಕ್ಕ ಬದಲಿಸಿದೆ. ಮೊದಲ ಮೆಸೇಜ್‌ನಲ್ಲಿ ಬರೀ ನಮಸ್ಕಾರ ಇರುವ ಚಾಟ್ ಮಾತ್ರ ಲೆಕ್ಕಕ್ಕೆ. ‘ಹಾಯ್, ಮೆಷಿನ್ ತಿರುಗ್ತಿಲ್ಲ’ ಅಂದವರು ಆಗಲೇ ಹೇಳಿಬಿಟ್ಟಿದ್ದಾರೆ, ಅವರನ್ನು ಸೇರಿಸಿದರೆ ನಮ್ಮ ಉತ್ತರಕ್ಕೆ ಇಲ್ಲದ ಹೆಸರು ಬರುತ್ತದೆ. ಉಳಿದವರಲ್ಲಿ 24 ಗಂಟೆಯೊಳಗೆ ಏನು ಬೇಕು ಅಂತ ಹೇಳಿದವರೆಷ್ಟು? ‘ಓಕೆ’, ಹೆಬ್ಬೆಟ್ಟಿನ ಚಿತ್ರ, ಇನ್ನೊಂದು ‘ಹಾಯ್’ ಯಾವುದೂ ಲೆಕ್ಕಕ್ಕಿಲ್ಲ. ಹೂವಿನ ಗುಡ್ ಮಾರ್ನಿಂಗ್ ಕಳಿಸುವವರಿಗೆ ಬೇಕಾದದ್ದು ಏನೂ ಇರುವುದಿಲ್ಲ ಅಲ್ವಾ, ಹಾಗಾಗಿ ಇದು ನೂರಕ್ಕೆ ನೂರು ಆಗುವುದೇ ಇಲ್ಲ.

ಫೋನ್ ನಂಬರಿನ ಕೊನೆಯ ಅಂಕೆ ಸಮ ಆದವರಿಗೆ ಹಳೆಯ ಉತ್ತರ, ಬೆಸ ಆದವರಿಗೆ ಹೊಸದು: ‘ನಮಸ್ಕಾರ. ರಿಪೇರಿಯಾ, ಡೆಲಿವರಿಯಾ, ಹೊಸತು ಕೊಳ್ಳುವುದಾ? ಏನಾಗಬೇಕಿತ್ತು ಹೇಳಿ.’ ಒಂದು ವಾರ ಹಳೆಯದು, ಇನ್ನೊಂದು ವಾರ ಹೊಸದು ಅಂತ ಮಾಡಿದ್ದರೆ ಮಳೆಗೆ ಕರೆಂಟ್ ಹೋಗಿ ಮೆಷಿನ್ ಕೆಟ್ಟ ವಾರದಲ್ಲಿ ಯಾವ ಉತ್ತರವಾದರೂ ಗೆಲ್ಲುತ್ತಿತ್ತು.

ಮೊದಲ ವಾರ ಎರಡೂ ಕಡೆ 60 ಜನ, ಹೇಳಿದವರು 27 ಮತ್ತು 33. ‘ಗೆದ್ದೆವು ಮಾರಾಯ್ರೆ’ ಅಂದರು ಜೊತೆಯ ಅಕ್ಕ. ಆರು ಜನರ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿಯೂ ಬರುತ್ತದೆ, ಕಾಯೋಣ ಅಂದೆ. ನಾಲ್ಕು ವಾರಕ್ಕೆ ತಲಾ 240 ಆಯಿತು. ಹಳೆಯದಕ್ಕೆ ತಿರುಗಿ ಬರೆದವರು 168, ಬೇಕಾದ್ದು ಹೇಳಿದವರು 112. ಹೊಸದಕ್ಕೆ ಬರೆದವರು 154 ಮಾತ್ರ, ಹೇಳಿದವರು 141. ಹಳೆಯ ಲೆಕ್ಕ ನೋಡಿದ್ದರೆ ಹೊಸ ಉತ್ತರವನ್ನು ತೆಗೆದೇ ಹಾಕುತ್ತಿದ್ದೆವು.

ಒಂದು ತಪ್ಪು ನಡುವೆ ಸಿಕ್ಕಿತು. ‘ಎಂಚ ಉಲ್ಲರ್?’ ಅನ್ನುವುದು ತುಳುವಿನ ಕುಶಲ ಪ್ರಶ್ನೆ, ಆದರೆ ಕುಶಲದ ಮಾತುಗಳನ್ನು ಬಿಟ್ಟು ಎಣಿಸಲು ಇಟ್ಟುಕೊಂಡಿದ್ದ ನಮ್ಮ ಪಟ್ಟಿಯಲ್ಲಿ ಬರೀ ಕನ್ನಡ, ಇಂಗ್ಲಿಷ್ ಶಬ್ದಗಳಿದ್ದವು, ಹಾಗಾಗಿ ಅದು ಬೇಡಿಕೆ ಅಂತ ಎಣಿಕೆಯಾಗಿತ್ತು. ಮೇಲೆ ಕೊಟ್ಟಿರುವುದು ಎಲ್ಲ ಚಾಟ್‌ಗಳನ್ನು ಕೈಯಾರೆ ಓದಿ ಸರಿಮಾಡಿದ ಅಂಕಿಗಳೇ. ಈಗ ತುಳು, ಕೊಂಕಣಿ, ಬ್ಯಾರಿ ಕುಶಲದ ಮಾತುಗಳೂ ಪಟ್ಟಿಯಲ್ಲಿವೆ. ಚಾಟ್ ಬಿಟ್ಟು ಫೋನ್ ಮಾಡಿದವರ ನಂಬರನ್ನು ಅಕ್ಕ ಪ್ರತಿ ಸಂಜೆ ತಾಳೆ ನೋಡುತ್ತಾರೆ.