ಲಂಡನ್‌ಗೆ ಮಾಡಿದ ಕಾಲ್ ಪುಣೆಗೆ ಹೋಯಿತು: ಕಾಂಟ್ಯಾಕ್ಟ್ ಪಟ್ಟಿ, ಮೂರನೇ ಸುತ್ತು

ವಿದೇಶದಿಂದಲೂ ಕಾಲ್ ಸರಿಯಾಗಿ ಹೋಗಲಿ ಎಂದು ಫೋನಿನ ನಂಬರ್‌ಗಳನ್ನೆಲ್ಲ ಪ್ಲಸ್ ರೂಪಕ್ಕೆ, ಅಂದರೆ +91 ಥರ ದೇಶದ ಕೋಡ್ ಸಮೇತ, ಬದಲಿಸುತ್ತಿದ್ದೆ. ಹೋದ ಸಲ ಬರೆದಾಗ "1,100 ಕಾಂಟ್ಯಾಕ್ಟ್‌ಗಳೂ ಪ್ಲಸ್ ರೂಪಕ್ಕೆ ಬಂದವು, ಕೆಲಸ ಮುಗಿಯಿತು" ಅಂದಿದ್ದೆ. ಮುಗಿದಿರಲಿಲ್ಲ. ಮೂರು ವಾರದ ನಂತರ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಕೂತು ಲಂಡನ್ನಿನ ಗೆಳೆಯರ ಮನೆಗೆ ಕಾಲ್ ಮಾಡಿದೆ. ಆ ಕಡೆ ಒಬ್ಬರು ಹಿರಿಯರು ಮರಾಠಿಯಲ್ಲಿ "ಯಾರು ಬೇಕು?" ಎಂದು ಕೇಳಿದರು. ಕ್ಷಮೆ ಕೇಳಿ ಇಟ್ಟೆ. ಮತ್ತೆ ಮಾಡಿದೆ. ಮತ್ತೆ ಅವರೇ! ಪಾಪ, ಎರಡನೇ ಸಲವೂ ಸಮಾಧಾನವಾಗಿ "ಇದು ಪುಣೆ" ಅಂದರು.

ಈ ಬರಹವೆಲ್ಲ ಆ ಒಂದು ನಂಬರಿನ ಕಥೆ. ಎಕ್ಸ್‌ಪೋರ್ಟ್, ಡೂಪ್ಲಿಕೇಟ್ ತೆಗೆಯುವುದು, ವಾಪಸ್ ಇಂಪೋರ್ಟ್, ಇದೆಲ್ಲ ನಿಮಗೆ ಗೊತ್ತಿರುವುದೇ. ಬಿಟ್ಟು ಮುಂದೆ ಹೋಗುತ್ತೇನೆ.

ನನ್ನ ಸ್ಕ್ರಿಪ್ಟ್ ಮಾಡಿದ್ದು ಇಷ್ಟು. ಪ್ಲಸ್ ಇಲ್ಲದ ಪ್ರತಿ ನಂಬರನ್ನೂ `phonenumbers` ಲೈಬ್ರರಿಗೆ ಕೊಟ್ಟು, ಡೀಫಾಲ್ಟ್ ದೇಶ ಭಾರತ ಎಂದು ಹೇಳಿ, ಇ.164 ರೂಪದಲ್ಲಿ ತೆಗೆದುಕೊಂಡಿತು. ಅಂದರೆ ಪ್ಲಸ್, ದೇಶದ ಕೋಡ್, ಆಮೇಲೆ ನಂಬರ್, ಎಲ್ಲ ಸೇರಿ 15 ಅಂಕಿ ಮೀರುವಂತಿಲ್ಲ.

```python
import phonenumbers as p
n = p.parse("020 7946 0018", "IN")
print(p.format_number(n, p.PhoneNumberFormat.E164))
```

ಇಲ್ಲಿ ಗೆಳೆಯರ ನಿಜವಾದ ನಂಬರ್ ಹಾಕಿಲ್ಲ. ಇದು ಬ್ರಿಟನ್ನಿನಲ್ಲಿ ನಾಟಕ, ಸಿನಿಮಾಗಳಿಗೆಂದೇ ತೆಗೆದಿಟ್ಟ ಸಾಲಿನದು. ಆದರೆ ಆಕಾರ ಅದೇ. ಇದನ್ನು ಓಡಿಸಿದರೆ ಉತ್ತರ +9120 ಎಂದು ಶುರುವಾಗುತ್ತದೆ. "IN" ಬದಲು "GB" ಎಂದು ಬರೆದರೆ +4420 ಎಂದು ಶುರುವಾಗುತ್ತದೆ. ಲೈಬ್ರರಿ ಎರಡು ಸಲವೂ ಒಂದು ಮಾತೂ ಆಡದೆ ಉತ್ತರ ಕೊಡುತ್ತದೆ.

ಯಾಕೆ ಗೊತ್ತಾ? ಲಂಡನ್ನಿನ ಕೋಡ್ 020, ಆಮೇಲೆ ಎಂಟು ಅಂಕಿ. ಪುಣೆಯ ಎಸ್‌ಟಿಡಿ ಕೋಡ್ ಕೂಡ 020, ಆಮೇಲೆ ಎಂಟು ಅಂಕಿ. ಎರಡೂ ದೇಶದಲ್ಲಿ ಮುಂದಿನ ಸೊನ್ನೆ ದೇಶದೊಳಗೆ ಡಯಲ್ ಮಾಡುವಾಗ ಮಾತ್ರ ಬೇಕು, ದೇಶದ ಕೋಡ್ ಬಂದಾಗ ಬಿದ್ದುಹೋಗುತ್ತದೆ. ಉಳಿಯುವುದು ಎರಡರಲ್ಲೂ 20 ಮತ್ತು ಎಂಟು ಅಂಕಿ. `is_possible_number` ನೋಡುವುದು ಉದ್ದವನ್ನು ಮಾತ್ರ, ಹಾಗಾಗಿ ಅದಕ್ಕೆ ಎರಡೂ ಸರಿ. ಆ ಹನ್ನೊಂದು ಅಂಕಿಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಯಾವ ಊರಿನದು ಎಂದು ಹೇಳಲು ಸಾಧ್ಯವೇ ಇಲ್ಲ. ಆ ಸುಳಿವು ನಂಬರಿನ ಒಳಗೆ ಇಲ್ಲ.

ಲ್ಯಾಂಡ್‌ಲೈನ್ ಮಾತ್ರ ಅಂದುಕೊಂಡೆ. ಅಲ್ಲ. ಬ್ರಿಟನ್ನಿನ ಮೊಬೈಲ್ 07 ಎಂದು ಶುರುವಾಗುತ್ತದೆ, ಸೊನ್ನೆ ತೆಗೆದರೆ 7ರಿಂದ ಶುರುವಾಗುವ ಹತ್ತು ಅಂಕಿ. ನಮ್ಮಲ್ಲೂ 7ರಿಂದ ಶುರುವಾಗುವ ಹತ್ತು ಅಂಕಿಯ ಮೊಬೈಲ್‌ಗಳಿವೆ. ಹಳೆಯ ಕಾಲದಲ್ಲಿ ಹೊರರಾಜ್ಯದ ಮೊಬೈಲ್‌ಗೆ ಮುಂದೆ ಸೊನ್ನೆ ಹಾಕಿ ಸೇವ್ ಮಾಡಿಕೊಳ್ಳುತ್ತಿದ್ದೆವಲ್ಲ, ಅವು ಥೇಟ್ ಹೀಗೇ ಕಾಣುತ್ತವೆ. ಎರಡೂ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿದ್ದವು.

ಈ ನಂಬರ್‌ಗಳು ಹೀಗೆ ಬರಿದಾಗಿ ಸೇರಿಕೊಂಡಿದ್ದು ಹಿಂದೊಮ್ಮೆ ಬ್ರಿಟನ್ನಿನಲ್ಲಿ ನಾಲ್ಕು ತಿಂಗಳು ಇದ್ದಾಗ. ಅಲ್ಲಿನ ಸಿಮ್ ಹಾಕಿಕೊಂಡಿದ್ದೆ. ಅಲ್ಲಿಯವರು ಹೇಳಿದಂತೆ 020, 07 ಎಂದೇ ಸೇವ್ ಮಾಡಿದೆ. ಅಲ್ಲಿರುವಷ್ಟು ದಿನ ಎಲ್ಲ ಸರಿಯಾಗೇ ನಡೆಯಿತು.

ನನ್ನನ್ನು ನಿಜವಾಗಿ ಕಾಡಿದ ಪ್ರಶ್ನೆ ಬೇರೆ. ಮೂರು ವಾರ ಈ ತಪ್ಪು ಯಾಕೆ ಕಾಣಲಿಲ್ಲ? ಆ ಗೆಳೆಯರು ಮಧ್ಯೆ ಎರಡು ಸಲ ಕಾಲ್ ಮಾಡಿದ್ದರು. ಪರದೆಯ ಮೇಲೆ ಅವರ ಹೆಸರೇ ಬಂದಿತ್ತು. ಹಲವು ಫೋನ್‌ಗಳು ಬರುವ ಕಾಲ್‌ನ ನಂಬರನ್ನು ಪೂರ್ತಿ ಹೋಲಿಸುವುದಿಲ್ಲ, ಕೊನೆಯ ಕೆಲವು ಅಂಕಿ ಸೇರಿದರೆ ಹೆಸರು ತೋರಿಸುತ್ತವೆ. +44 20 ಮತ್ತು +91 20, ಕೊನೆಯ ಹತ್ತು ಅಂಕಿ ಒಂದೇ. ಕಾಲ್ ಲಾಗ್‌ನಿಂದ ತಿರುಗಿ ಮಾಡಿದರೂ ಸರಿಯಾಗಿ ಹೋಗುತ್ತದೆ, ಏಕೆಂದರೆ ಅಲ್ಲಿರುವುದು ನೆಟ್‌ವರ್ಕ್ ಕೊಟ್ಟ +44 ನಂಬರ್. ಕಾಂಟ್ಯಾಕ್ಟ್ ತೆರೆದು ಡಯಲ್ ಮಾಡಿದಾಗ ಮಾತ್ರ ತಪ್ಪು ಹೊರಬೀಳುತ್ತದೆ. ಹಾಗಾಗಿ ಪರೀಕ್ಷೆ ಮಾಡುವವರು ಕಾಂಟ್ಯಾಕ್ಟ್ ಪುಟದಿಂದಲೇ ಡಯಲ್ ಮಾಡಿ. ಹೆಸರು ಕಂಡಿತು ಎಂದು ನಂಬಬೇಡಿ.

ಮೆಸೇಜ್‌ನ ದಾರಿ ಬೇರೆಯೇ. ವಾಟ್ಸಾಪ್‌ನಲ್ಲಿ ಪ್ಲಸ್ ಇಲ್ಲದ ನಂಬರನ್ನು ನಾವು ನೋಂದಾಯಿಸಿದ ನಂಬರಿನ ದೇಶದ್ದು ಎಂದು ಓದಲಾಗುತ್ತದೆ. ಆದ್ದರಿಂದ ಊರಿನ ನಂಬರ್‌ಗಳು ಪ್ಲಸ್ ಇಲ್ಲದಿದ್ದರೂ ವಿದೇಶದಲ್ಲಿ ಮೆಸೇಜ್ ಹೋಗುತ್ತದೆ. ಮಾಮೂಲಿ ಕಾಲ್ ಹಾಗಲ್ಲ. ನಾವಿರುವ ದೇಶದ ನೆಟ್‌ವರ್ಕ್ ಅದನ್ನು ತನ್ನ ದೇಶದ ನಂಬರ್ ಎಂದು ಓದುತ್ತದೆ. "ಮೆಸೇಜ್ ಹೋಯ್ತಲ್ಲ, ನಂಬರ್ ಸರಿ ಇದೆ" ಅನ್ನುವುದು ಅದಕ್ಕೇ ಸಾಲದು.

ಸರಿ, ಸರಿಪಡಿಸುವುದು ಹೇಗೆ? ಮೊದಲು ಅನುಮಾನದವನ್ನು ಬೇರೆ ಮಾಡಿದೆ. ಹಳೆಯ ಬ್ಯಾಕಪ್‌ನಲ್ಲಿ 020 ಅಥವಾ 07 ಎಂದು ಶುರುವಾಗಿ ಹನ್ನೊಂದು ಅಂಕಿ ಇರುವ ನಂಬರ್‌ಗಳು 41.

ಕಾಂಟ್ಯಾಕ್ಟ್‌ಗಳನ್ನು ಇಡುವ ವಿಕಾರ್ಡ್ ಫೈಲಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಇರುತ್ತದೆ. ಪ್ರತಿ ಕಾರ್ಡ್‌ನಲ್ಲಿ ಕೊನೆಯ ಸಲ ಬದಲಾದ ದಿನಾಂಕ ಹೇಳುವ `REV` ಸಾಲು ಇದ್ದರೆ, ಬ್ರಿಟನ್ನಿನಲ್ಲಿದ್ದ ತಿಂಗಳುಗಳ ಜೊತೆ ಹೋಲಿಸಬಹುದು ಅಂದುಕೊಂಡೆ. ಹೊಸ ಫೈಲಿನಲ್ಲಿ ಎಲ್ಲದಕ್ಕೂ ಸ್ಕ್ರಿಪ್ಟ್ ಓಡಿಸಿದ ದಿನವೇ ಬಿದ್ದಿತ್ತು. ಹಳೆಯ ಬ್ಯಾಕಪ್‌ನಲ್ಲಿ ಆ ಸಾಲೇ ಇಲ್ಲ. ಆ ಬ್ಯಾಕಪ್ ಮಾಡಿದ ಆ್ಯಪ್‌ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ವಿಕಾರ್ಡ್ 2.1 ಎಂಬ ಹಳೆಯ ರೂಪದಲ್ಲೇ ನಿಂತುಬಿಟ್ಟಿದೆ. ಕನ್ನಡದ ಹೆಸರುಗಳೆಲ್ಲ `=E0=B2` ಎಂದು ಸರಪಳಿಯಾಗಿ ಬಂದು, ಉದ್ದವಾದರೆ ಮಧ್ಯದಲ್ಲೇ ಸಾಲು ಮುರಿಯುತ್ತದೆ. ಆ ಮುರಿದ ಸಾಲುಗಳನ್ನು ಜೋಡಿಸಲೇ ಒಂದು ಸಂಜೆ ಹೋಯಿತು. ಕಾಸು ಕೊಟ್ಟು ಕೊಂಡ ಆ್ಯಪ್ ಕಣ್ರೀ! ದಿನಾಂಕವನ್ನಾದರೂ ಇಡಬಾರದಿತ್ತಾ?

ಆದರೆ ಅದೇ ಫೈಲಿನಲ್ಲಿ ಬಾಗಿಲು ಸಿಕ್ಕಿತು. ಸಾಲು ಜೋಡಿಸುತ್ತಾ ಓದುವಾಗ ಗಮನಿಸಿದೆ, ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿಲ್ಲ. ಮೊದಲಿಗೆ ತಮ್ಮ, ಆಮೇಲೆ ಹಳೆಯ ಕಚೇರಿಯವರು, ಆಮೇಲೆ ಹೊಸ ಕಚೇರಿಯವರು. ಸೇವ್ ಮಾಡಿದ ಕ್ರಮ ಅದು! ಫೋನ್ ಪ್ರತಿ ಹೊಸ ಕಾಂಟ್ಯಾಕ್ಟ್‌ಗೆ ಒಳಗೊಂದು ಕ್ರಮಸಂಖ್ಯೆ ಕೊಟ್ಟಿರುತ್ತದೆ, ಆ್ಯಪ್ ಅದೇ ಕ್ರಮದಲ್ಲಿ ಸುರಿದಿತ್ತು. ಎಲ್ಲ ಆ್ಯಪ್‌ಗಳೂ ಹೀಗೆ ಮಾಡುವುದಿಲ್ಲ, ಹಾಗಾಗಿ ನಿಮ್ಮ ಫೈಲಿನಲ್ಲಿ ಮೊದಲು ಗೊತ್ತಿರುವ ನಾಲ್ಕೈದು ಹೆಸರು ಹಿಡಿದು ಕ್ರಮ ಪರೀಕ್ಷಿಸಿ.

ಬ್ರಿಟನ್ನಿನ ನಾಲ್ಕು ತಿಂಗಳು ಫೈಲಿನಲ್ಲಿ ಒಂದೇ ಗುಂಪಾಗಿ ಕೂತಿತ್ತು. ಶುರುವಿನಲ್ಲಿ ಬಾಡಿಗೆ ಮನೆಯ ಮಾಲೀಕರು, ಕೊನೆಯಲ್ಲಿ ಬೀಳ್ಕೊಡುವ ದಿನ ನಂಬರ್ ಕೊಟ್ಟ ಸಹೋದ್ಯೋಗಿ. ಆ ಎರಡು ಗೂಟಗಳ ಮಧ್ಯೆ ಇರುವ 020, 07 ಎಲ್ಲ +44. ಹೊರಗಿರುವವು +91. 41ರಲ್ಲಿ 26 ಹೀಗೆ ಇತ್ಯರ್ಥವಾದವು. ಆ ರಾತ್ರಿ ನಿದ್ದೆಯೇ ಬರಲಿಲ್ಲ, ಅಷ್ಟು ಖುಷಿ.

ಉಳಿದ 15 ಗುಂಪಿನ ಅಂಚಿನವು. ಊರಿಗೆ ಬಂದ ಮೇಲೆ ಮೇಲ್‌ನಿಂದ ನಕಲು ಮಾಡಿ ಸೇರಿಸಿದವು ಇರಬಹುದು. ಅವುಗಳಿಗೆ ಕಾಲ್ ಲಾಗ್ ಹುಡುಕಿದೆ. ನಾನು ಊರಿನಲ್ಲಿದ್ದಾಗ ಅವರಿಂದ ಬಂದ ಕಾಲ್ ಇದ್ದರೆ ಅಲ್ಲಿ ದೇಶದ ಕೋಡ್ ಇರುತ್ತದೆ. 9 ಸಿಕ್ಕವು. ಇನ್ನು 6 ಜನರಿಗೆ ಮೇಲ್ ಬರೆದು ಕೇಳಿದ್ದೇನೆ. ಉತ್ತರ ಬರುವ ತನಕ ಆ ಆರನ್ನು ಹಳೆಯ ರೂಪದಲ್ಲೇ ಬಿಟ್ಟಿದ್ದೇನೆ. ತಪ್ಪು ಪ್ಲಸ್‌ಗಿಂತ ಬರಿದಾದ ನಂಬರ್ ವಾಸಿ, ಅದು ಅರ್ಧಂಬರ್ಧ ಇದೆ ಎಂದಾದರೂ ಕಾಣುತ್ತದೆ.

ಈ ಸಲ ಬದಲಿಸುವ ಮುನ್ನ ಹಳೆಯ ನಂಬರನ್ನು ಅದೇ ಕಾರ್ಡಿನ `NOTE` ಸಾಲಿಗೆ ನಕಲು ಮಾಡಿದೆ. ಮೊದಲ ಸಲವೇ ಇದನ್ನು ಮಾಡಿದ್ದರೆ ಹಳೆಯ ಬ್ಯಾಕಪ್ ಅಗೆಯಬೇಕಿರಲಿಲ್ಲ. ಕೊನೆಗೆ ಪ್ಲಸ್ ಇಲ್ಲದವು ಎಷ್ಟು ಉಳಿದವು ಎಂದು ನೋಡಲು ಇದು:

```
grep 'TEL' all.vcf | grep -v ':+'
```

`^TEL` ಎಂದು ಹಾಕಬೇಡಿ. ಐಫೋನ್‌ನಿಂದ ಬಂದ ಕಾರ್ಡ್‌ಗಳಲ್ಲಿ ಕೆಲವು ಸಾಲು `item1.TEL` ಎಂದು ಶುರುವಾಗುತ್ತವೆ, ಅವು ತಪ್ಪಿಸಿಕೊಳ್ಳುತ್ತವೆ. ಆ ಆರನ್ನು ಬಿಟ್ಟರೆ ನನ್ನಲ್ಲಿ ಉಳಿದವು ಸಹಾಯವಾಣಿಯ ಚಿಕ್ಕ ನಂಬರ್‌ಗಳು ಮತ್ತು 1800ರವು. ಅವುಗಳಿಗೆ ಪ್ಲಸ್ ಸೇರಿಸಿ ಪ್ರಯೋಜನವಿಲ್ಲ, ಸಾಮಾನ್ಯವಾಗಿ ದೇಶದ ಹೊರಗಿನಿಂದ ಸಿಗುವುದಿಲ್ಲ. ಕಾರ್ಡ್ ಕಳೆದಾಗ ಕರೆಯುವ ಬ್ಯಾಂಕ್ ನಂಬರ್ ಇಂಥದ್ದೇ ಆಗಿದ್ದರೆ, ವಿದೇಶದಿಂದ ಕರೆಯಲು ಬ್ಯಾಂಕ್ ಕೊಡುವ ಬೇರೆ ನಂಬರನ್ನು ಹುಡುಕಿ ಪಕ್ಕದಲ್ಲೇ ಸೇವ್ ಮಾಡಿ.

ಇಟಲಿಯವರು ಪಟ್ಟಿಯಲ್ಲಿದ್ದರೆ ಇನ್ನೊಂದು ಮಾತು. "ಪ್ಲಸ್ ಹಾಕಿ, ಸೊನ್ನೆ ತೆಗೆ" ಎಂಬ ನಿಯಮ ಅಲ್ಲಿನ ಲ್ಯಾಂಡ್‌ಲೈನ್‌ಗೆ ನಡೆಯುವುದಿಲ್ಲ. ರೋಮ್ ನಂಬರ್ +39 06 ಎಂದೇ ಇರಬೇಕು, ಆ ಸೊನ್ನೆ ನಂಬರಿನ ಭಾಗ. ಲೈಬ್ರರಿ ಇದಕ್ಕಾಗಿಯೇ `italian_leading_zero` ಎಂಬ ಗುರುತು ಇಟ್ಟುಕೊಂಡಿದೆ. `sed` ಹಿಡಿದು ಕೈಯಲ್ಲೇ ಸೊನ್ನೆ ಕಿತ್ತರೆ ಇವು ಕೆಡುತ್ತವೆ.

ಮುರಿದ ಕನ್ನಡ ಹೆಸರು ಜೋಡಿಸುವಾಗಲೇ ಮುಂದಿನ ಕೆಲಸ ತಲೆಗೆ ಹೊಕ್ಕಿದೆ. ಕಾರಿನ ಪರದೆ ಕನ್ನಡದ ಹೆಸರುಗಳನ್ನು ಬರೀ ಚೌಕಗಳಾಗಿ ತೋರಿಸುತ್ತದೆ. ವಿಕಾರ್ಡ್‌ನಲ್ಲಿ `X-PHONETIC-FIRST-NAME` ಎಂಬ ಸಾಲು ಹಾಕಬಹುದು. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ತುಂಬಿ, ಕಾರಿಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಅದನ್ನೇ ಹೆಸರಾಗಿಸುವ ಆಸೆ. ಳ ಮತ್ತು ಲ, ಣ ಮತ್ತು ನ ಹೇಗೆ ಬೇರೆ ಮಾಡುವುದು ಎಂಬಲ್ಲಿ ನಿಂತಿದ್ದೇನೆ. ಯಾರಾದರೂ ಮಾಡಿದ್ದರೆ ಹೇಳಿ.

ನಿನ್ನೆ ಸಂಜೆ ಕಾಂಟ್ಯಾಕ್ಟ್ ಪುಟದಿಂದಲೇ ಲಂಡನ್‌ಗೆ ಡಯಲ್ ಮಾಡಿದೆ. ಮೂರನೇ ರಿಂಗ್‌ಗೆ ಗೆಳೆಯರ ಹೆಂಡತಿ ಎತ್ತಿದರು. ಪುಣೆಯ ಹಿರಿಯರ ವಿಷಯ ಹೇಳಿದೆ. "ಅವರಿಗೆ ಈ ಸಲ ತೊಂದರೆ ಆಗಲಿಲ್ಲವಲ್ಲ?" ಎಂದು ಕೇಳಿ ನಕ್ಕರು.